ಎರಡು ಪರ್ಸೆಂಟ್ ಬಿಟ್ಟರೆ ಎಷ್ಟು ಬಡ್ಡಿ ಕಟ್ಟಿದಂತೆ?

ಇವತ್ತು ಬಿಲ್ಲಿನ ಕೆಳಗಡೆ ಸಣ್ಣ ಅಕ್ಷರದಲ್ಲಿ ಇರೋ ಒಂದೇ ಒಂದು ಸಾಲಿನ ಬಗ್ಗೆ ಮಾತಾಡೋಣ. ಆ ಸಾಲು ಹೀಗಿರುತ್ತೆ: `2/10, Net 30`. ನೆಟ್ ಥರ್ಟಿ ಅಂದ್ರೆ ಬಿಲ್ಲಿನ ಪೂರ್ತಿ ಹಣ ಕೊಡೋಕೆ ಮೂವತ್ತು ದಿನ ಟೈಮಿದೆ ಅಂತ. ಟೂ ಟೆನ್ ಅಂದ್ರೆ, ಹತ್ತು ದಿನದೊಳಗೆ ಕೊಟ್ರೆ ಎರಡು ಪರ್ಸೆಂಟ್ ಬಿಡ್ತೀವಿ ಅಂತ. ನಮ್ಮ ಅಂಗಡಿಗಳಲ್ಲಿ ಇದನ್ನೇ ಕ್ಯಾಶ್ ಡಿಸ್ಕೌಂಟ್ ಅಂತೀವಿ.

ಒಂದು ಲೆಕ್ಕ ಹಾಕೋಣ. ಸಂತೆಪೇಟೆಯ ಒಬ್ಬ ವ್ಯಾಪಾರಿ ಮೈಸೂರಿನದೇ ಒಂದು ಸಣ್ಣ ಅಗರಬತ್ತಿ ಘಟಕದಿಂದ ಮಾಲು ತರಿಸಿದ್ರು ಅಂತಿಟ್ಕೊಳ್ಳಿ. ಬಿಲ್ಲಿನ ತಾರೀಖು ಜೂನ್ 1, ಮೊತ್ತ 1 ಲಕ್ಷ. ಜೂನ್ 11ರೊಳಗೆ ಕೊಟ್ರೆ 98,000. ಆ ದಿನ ದಾಟಿದ್ರೆ ಜುಲೈ 1ರೊಳಗೆ ಪೂರ್ತಿ 1 ಲಕ್ಷ.

ಹೆಚ್ಚಿನವರು ಇಲ್ಲಿ ಏನಂತಾರೆ? "ಎರಡು ಪರ್ಸೆಂಟ್ ತಾನೇ, ಹೋಗ್ಲಿ ಬಿಡಿ, ದುಡ್ಡು ಕೈಯಲ್ಲಿರ್ಲಿ." ಆದ್ರೆ ಆ ಮಾಲಿನ ನಿಜವಾದ ಬೆಲೆ 98,000. ಮೇಲಿನ 2,000 ಬೆಲೆ ಅಲ್ಲ, ಬಡ್ಡಿ. ಎಷ್ಟು ದಿನದ ಬಡ್ಡಿ? ಮೊದಲ ಹತ್ತು ದಿನ ಹೇಗೂ ಪುಕ್ಕಟೆ. ಹಾಗಾಗಿ ಇದು ಬರೀ ಇಪ್ಪತ್ತು ದಿನದ ಬಡ್ಡಿ.

98,000ಕ್ಕೆ ಇಪ್ಪತ್ತು ದಿನಕ್ಕೆ 2,000. ಅಂದ್ರೆ ತಿಂಗಳಿಗೆ 3,000. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ನೂರಕ್ಕೆ ಮೂರು ರೂಪಾಯಿಗಿಂತ ಚೂರು ಜಾಸ್ತಿ. ವರ್ಷಕ್ಕೆ ಶೇಕಡಾ 37. ಯಾರಾದ್ರೂ ಬಂದು "ಮೂರು ರೂಪಾಯಿ ಬಡ್ಡಿಗೆ ಸಾಲ ಕೊಡ್ತೀನಿ" ಅಂದ್ರೆ ನಾವು ಹಿಂದೆಮುಂದೆ ನೋಡ್ತೀವಿ. ಡಿಸ್ಕೌಂಟ್ ಬಿಟ್ಟಾಗ ಅದೇ ದರದ ಸಾಲಕ್ಕೆ ಯೋಚನೆ ಮಾಡದೆ ಒಪ್ಕೊಂಡಿರ್ತೀವಿ.

ಕೈಯಲ್ಲಿ ಹಣ ಇಲ್ಲ, ಬ್ಯಾಂಕಲ್ಲಿ ಓಡಿ ಇದೆ, ಬಡ್ಡಿ ಶೇಕಡಾ 12 ಅಂತಿಟ್ಕೊಳ್ಳಿ. ಜೂನ್ 11ಕ್ಕೆ ಓಡಿಯಿಂದ 98,000 ತೆಗೆದು ಕೊಟ್ರೆ, ಜುಲೈ 1ರವರೆಗೆ ಬಡ್ಡಿ ಸುಮಾರು 645 ರೂಪಾಯಿ. ಉಳಿಯೋದು 2,000. ಒಂದೇ ಬಿಲ್ಲಲ್ಲಿ 1,355 ರೂಪಾಯಿ ಲಾಭ. ಅದೇ ಹಣವನ್ನ ಹೊರಗಡೆ ಮೂರು ರೂಪಾಯಿ ಬಡ್ಡಿಗೆ ತಂದ್ರೆ 1,960 ಅಲ್ಲೇ ಹೋಯ್ತು, ತರೋದು ದಂಡ. ಹಾಗಾಗಿ ಕೇಳ್ಕೋಬೇಕಾದ ಪ್ರಶ್ನೆ ಒಂದೇ: ನನಗೆ ಹಣ ಯಾವ ಬಡ್ಡಿಗೆ ಸಿಗುತ್ತೆ?

ಇನ್ನೊಂದು ವಿಷಯ. ಕೊಡೋದಾದ್ರೆ ಹತ್ತನೇ ದಿನ ಕೊಡಿ, ಇಲ್ಲಾಂದ್ರೆ ಮೂವತ್ತನೇ ದಿನ ಕೊಡಿ. ಮಧ್ಯದಲ್ಲಿ ಕೊಡೋದು ಶುದ್ಧ ನಷ್ಟ. ಹದಿನೈದನೇ ದಿನ ಪೂರ್ತಿ 1 ಲಕ್ಷ ಕೊಟ್ಟವರು ಬರೀ ಐದು ದಿನಕ್ಕೆ 2,000 ಬಡ್ಡಿ ಕಟ್ಟಿದಂತೆ.

ಈಗ ಕೆಲವರು ಕೇಳಬಹುದು: "ನಾವು ಮೂವತ್ತು ದಿನಕ್ಕೆಲ್ಲಿ ಕೊಡ್ತೀವಿ ಸ್ವಾಮಿ, ನಲವತ್ತೈದು ದಿನ ಎಳೀತೀವಲ್ಲ?" ನಿಜ, ಹಾಗೆ ಎಳೆದ್ರೆ ಬಡ್ಡಿ ನೂರಕ್ಕೆ ಒಂದು ಮುಕ್ಕಾಲು ರೂಪಾಯಿಗೆ ಇಳಿಯುತ್ತೆ. ಆದ್ರೆ ಮಾರಿದವರು ನೋಂದಾಯಿತ ಸಣ್ಣ ತಯಾರಕರಾಗಿದ್ರೆ, 2006ರ ಎಂಎಸ್ಎಂಇ ಕಾಯ್ದೆ ಅಡ್ಡ ಬರುತ್ತೆ. ಅದರಲ್ಲಿರೋ ನಲವತ್ತೈದು ದಿನ ಗರಿಷ್ಠ ಮಿತಿ, ರಿಯಾಯಿತಿ ಅಲ್ಲ. ಬರವಣಿಗೆಯಲ್ಲಿ ಮೂವತ್ತು ದಿನಕ್ಕೆ ಒಪ್ಪಿದ್ರೆ ಮೂವತ್ತೇ ಗಡುವು. ದಾಟಿದ್ರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳ ಚಕ್ರಬಡ್ಡಿ. ಜೊತೆಗೆ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆದಾಯ ತೆರಿಗೆ ನಿಯಮದ ಪ್ರಕಾರ, ಗಡುವು ದಾಟಿ, ಮಾರ್ಚ್ ಕೊನೆಗೂ ಬಾಕಿ ಉಳಿದ ಖರೀದಿಯನ್ನ ಆ ವರ್ಷದ ಖರ್ಚು ಅಂತ ತೋರಿಸೋಕಾಗಲ್ಲ; ಹಣ ಕೊಟ್ಟ ವರ್ಷಕ್ಕೇ ಅದು ಹೋಗುತ್ತೆ. ಮಾರಿದವರು ಬರೀ ವ್ಯಾಪಾರಿಗಳಾಗಿದ್ರೆ ಇದು ಅನ್ವಯ ಆಗಲ್ಲ.

ಮಾಲು ತರಿಸೋ ಮುಂಚೆನೇ ಎರಡು ಪ್ರಶ್ನೆ ಕೇಳಿ, ಉತ್ತರ ಆರ್ಡರ್‌ನಲ್ಲೇ ಬರೆಸಿಕೊಳ್ಳಿ. ಹತ್ತು ದಿನ ಎಣಿಸೋದು ಬಿಲ್ಲಿನ ತಾರೀಖಿಂದಲೋ, ಮಾಲು ಕೈಸೇರಿದ ದಿನದಿಂದಲೋ? ಲಾರಿ ನಾಲ್ಕು ದಿನ ತಡವಾದ್ರೆ ನಿಮಗುಳಿಯೋದು ಆರೇ ದಿನ. ಎರಡನೇದು, ಎರಡು ಪರ್ಸೆಂಟ್ ಜಿಎಸ್‌ಟಿ ಸೇರಿದ ಮೊತ್ತದ ಮೇಲೋ, ಮಾಲಿನ ಬೆಲೆ ಮೇಲೆ ಮಾತ್ರವೋ? ನಮ್ಮ ಲಕ್ಷದ ಬಿಲ್ಲಲ್ಲಿ ಶೇಕಡಾ 5 ಜಿಎಸ್‌ಟಿ ಸೇರಿದ್ರೆ, ಮಾಲಿನ ಬೆಲೆ ಮೇಲಿನ ಡಿಸ್ಕೌಂಟ್ 1,905 ರೂಪಾಯಿ ಮಾತ್ರ.

ಈ ವಾರ ಅಂಗಡಿಯಲ್ಲಿರೋ ಬಾಕಿ ಬಿಲ್ಲುಗಳನ್ನ ತೆಗೆದು, ಯಾವುದರಲ್ಲಿ ಹತ್ತನೇ ದಿನ ಇನ್ನೂ ಬಂದಿಲ್ಲ ನೋಡಿ. ಓಡಿಯಲ್ಲಿ ಜಾಗ ಇದ್ರೆ ಮೊದಲು ಅವನ್ನೇ ತೀರಿಸಿ.