ಹಗ್ಗ ಕಟ್ಟಿ ತಂದವರನ್ನ ಬಿಚ್ಚೋದು ಹೇಗೆ? ಪಿಎಚ್‌ಸಿ ನರ್ಸ್‌ಗಳ ತರಬೇತಿಯಿಂದ ಒಂದು ರಾತ್ರಿ

ನಾನು ಮಾನಸಿಕ ಆರೋಗ್ಯದ ನರ್ಸಿಂಗ್ ಹೇಳಿಕೊಡೋಳು. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ನರ್ಸ್‌ಗಳಿಗೆ ಏನು ಕಲಿಸಬೇಕು ಅಂತ ಕೂತು ಯೋಚಿಸಿದಾಗ, ನಾನು ಬರೆದಿಟ್ಟುಕೊಂಡ ಮೊದಲ ದೃಶ್ಯ ಇದು. ತರಬೇತಿಯಲ್ಲಿ ನಾವೇ ಪಾತ್ರ ಹಾಕಿ ಆಡೋಕೆ ಅಂತ ಕಟ್ಟಿದ ಕೇಸು. ಆದ್ರೆ ಆ ಸೀಮೆಯಲ್ಲಿ ಕೆಲಸ ಮಾಡಿದವರಿಗೆ ಇದು ಹೊಸದೇನಲ್ಲ.

ಬುಧವಾರ ಬೆಳಗಿನ ಜಾವ ಎರಡು ಗಂಟೆ. ಟಾಟಾ ಏಸ್ ಗಾಡಿಯಲ್ಲಿ ನಾಲ್ಕು ಜನ ಒಬ್ಬ ರೈತನನ್ನ ಹಗ್ಗದಲ್ಲಿ ಕಟ್ಟಿ ತರ್ತಾರೆ. ನಲವತ್ತರ ಆಸುಪಾಸು, ಕಡಲೆಕಾಯಿ ಬೆಳೆಯೋರು. ಗೋಡೆ ಮೇಲೆ ಹಾವು ಹರೀತಿದೆ ಅಂತ ಕಿರುಚ್ತಾರೆ, ಮೈಯೆಲ್ಲ ಬೆವರು. ‘ಹುಚ್ಚು ಹಿಡಿದೈತೆ ಸಿಸ್ಟರ್, ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡಿ’ ಅಂತಾರೆ ಮನೆಯವರು. ಡ್ಯೂಟಿಯಲ್ಲಿ ಒಬ್ಬ ನರ್ಸ್, ಒಬ್ಬ ಗ್ರೂಪ್ ಡಿ ನೌಕರ. ಡಾಕ್ಟರು ಕ್ವಾರ್ಟರ್ಸ್‌ನಿಂದ ಬರಬೇಕು. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರೋದು ಮಂಗಳವಾರ. ಇವರು ಬಂದಿದ್ದು ಬುಧವಾರ.

ಇಲ್ಲಿ ನರ್ಸ್ ಮುಂದೆ ಸುಲಭದ ದಾರಿ ಒಂದಿದೆ. ಹಗ್ಗ ಹಾಗೇ ಇರಲಿ, ಮಂಚಕ್ಕೂ ಒಂದು ಸುತ್ತು ಹಾಕೋಣ, ಆಮೇಲೆ ನೋಡೋಣ. ಕಾನೂನು ಇದಕ್ಕೆ ಅವಕಾಶ ಕೊಡಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಸೆಕ್ಷನ್ ಸರಪಳಿ ಹಾಕೋದನ್ನ ಪೂರ್ತಿ ನಿಷೇಧಿಸಿದೆ. 97ನೇ ಸೆಕ್ಷನ್ ಪ್ರಕಾರ, ತಕ್ಷಣದ ಅಪಾಯ ತಪ್ಪಿಸೋಕೆ ಬೇರೆ ಯಾವ ದಾರಿಯೂ ಇಲ್ಲದಿದ್ದಾಗ, ಚಿಕಿತ್ಸೆಯ ಹೊಣೆ ಹೊತ್ತ ಮನೋವೈದ್ಯರ ಒಪ್ಪಿಗೆಯಿಂದ ಮಾತ್ರ ದೈಹಿಕ ಬಂಧನ. ಪಿಎಚ್‌ಸಿಯಲ್ಲಿ ಅಂಥ ಮನೋವೈದ್ಯರೇ ಇಲ್ಲ. ಆದ್ರೆ ನಾನು ತರಬೇತಿಯಲ್ಲಿ ಕಾನೂನಿಂದ ಶುರು ಮಾಡಲ್ಲ. ಕಟ್ಟಿಹಾಕಿದ ಮೇಲೆ ಎಲ್ಲರೂ ನಿರಾಳ ಆಗಿಬಿಡ್ತಾರೆ, ಕಾಯಿಲೆ ಏನು ಅಂತ ಯಾರೂ ಕೇಳಲ್ಲ. ಅಲ್ಲಿಂದ ಶುರು ಮಾಡ್ತೀನಿ.

ಈಗ ಮೊದಲ ಹತ್ತು ನಿಮಿಷ. ಸುತ್ತ ನಿಂತ ಜನರನ್ನ ಹೊರಗೆ ಕಳಿಸಬೇಕು. ರೋಗಿ ನಂಬೋ ಒಬ್ಬರು ಮಾತ್ರ ಒಳಗಿರಲಿ, ಇಲ್ಲಿ ತಮ್ಮ. ಮಾತಾಡೋದು ನರ್ಸ್ ಒಬ್ಬರೇ. ಮೂರು ಬಾಯಿಂದ ಮೂರು ಮಾತು ಬಂದ್ರೆ ಗಲಿಬಿಲಿ ಹೆಚ್ಚಾಗುತ್ತೆ. ಎರಡು ತೋಳಿನಷ್ಟು ದೂರ, ಸ್ವಲ್ಪ ಓರೆಯಾಗಿ ನಿಲ್ಲಿ, ಕೈಗಳು ಕಾಣೋ ಹಾಗಿರಲಿ. ಬಾಗಿಲಿಗೆ ಹೋಗೋ ದಾರಿ ನಿಮಗೂ ತೆರೆದಿರಬೇಕು, ಅವರಿಗೂ ತೆರೆದಿರಬೇಕು. ಟ್ರೇ, ಕತ್ತರಿ, ಸಲೈನ್ ಸ್ಟ್ಯಾಂಡ್ ಪಕ್ಕದ ರೂಮಿಗೆ. ಲೈಟ್ ಆರಿಸಬೇಡಿ, ಮಬ್ಬುಗತ್ತಲಲ್ಲಿ ಹಾವು ಇನ್ನೂ ಜಾಸ್ತಿ ಕಾಣುತ್ತೆ.

ಮಾತು ಚಿಕ್ಕದಾಗಿರಲಿ. ‘ಅಣ್ಣಾ, ನಾನು ನರ್ಸು. ಇದು ಆಸ್ಪತ್ರೆ. ಇಲ್ಲಿ ಯಾರೂ ಹೊಡಿಯಲ್ಲ.’ ಇದನ್ನೇ ನಾಲ್ಕೈದು ಸಲ ಹೇಳಬೇಕಾಗಬಹುದು, ಬೇಜಾರು ಮಾಡ್ಕೋಬಾರದು. ಈ ಗಡಿ ಸೀಮೆಯಲ್ಲಿ ಎಷ್ಟೋ ಮನೆಗಳಲ್ಲಿ ಆಡೋದು ತೆಲುಗು. ಗಾಬರಿಯಲ್ಲಿ ಇರೋರಿಗೆ ಮನೆ ಮಾತೇ ಬೇಗ ತಲುಪೋದು. ‘ನೀಳ್ಳು ತಾಗುತಾವಾ ಅನ್ನಾ?’ ನೀರು ಕುಡೀತೀರಾ ಅಂತ ಅಷ್ಟೇ. ಬಾಗಿಲ ಕಡೆ ನೋಡ್ತಿದ್ದ ಕಣ್ಣು ನಿಮ್ಮ ಕಡೆ ತಿರುಗಿದ್ರೆ, ಮಾತು ಒಳಗೆ ಹೋಯ್ತು ಅಂತ ಅರ್ಥ.

ಹಾವಿನ ವಿಷಯ ಬಂದಾಗ ಹೊಸಬರು ಎಡವ್ತಾರೆ. ‘ಎಲ್ಲಿದೆ ಹಾವು, ಏನೂ ಇಲ್ಲ’ ಅಂದ್ರೆ ಜಗಳ. ‘ಹೌದು, ನಾನು ಹೊಡೆದು ಹಾಕ್ತೀನಿ’ ಅಂದ್ರೆ ಸುಳ್ಳು, ಮುಂದಿನ ಹಾವಿಗೆ ಏನು ಮಾಡ್ತೀರಿ? ‘ನನಗೆ ಕಾಣ್ತಿಲ್ಲ ಅಣ್ಣಾ. ನಿಮಗೆ ಕಾಣ್ತಿದೆ, ಭಯ ಆಗ್ತಿದೆ. ನಾನು ಇಲ್ಲೇ ಇರ್ತೀನಿ.’ ಇಷ್ಟು ಸಾಕು.

ಹಗ್ಗವನ್ನ ಷರತ್ತು ಮಾಡಬೇಡಿ. ‘ಸುಮ್ನಿದ್ರೆ ಬಿಚ್ತೀವಿ’ ಅಂದ್ರೆ ಅದು ಬೆದರಿಕೆ. ‘ಈಗ ತಮ್ಮ ಹಗ್ಗ ಬಿಚ್ತಾರೆ, ನೀವು ಈ ಬೆಂಚಿನ ಮೇಲೆ ಕೂತ್ಕೊಳ್ಳಿ’ ಅಂತ ಮುಂಚೆಯೇ ಹೇಳಿ, ತಮ್ಮನ ಕೈಯಲ್ಲೇ ಬಿಚ್ಚಿಸಿ. ಬಿಚ್ಚಿದ ಕೂಡಲೇ ಮಣಿಕಟ್ಟು ನೋಡಿ. ಬೆರಳು ತಣ್ಣಗಾಗಿ ನೀಲಿ ಇದೆಯಾ, ಮರಗಟ್ಟಿದೆಯಾ? ಎಷ್ಟು ಗಂಟೆಗೆ ಬಿಚ್ಚಿದ್ರಿ ಅಂತ ರಿಜಿಸ್ಟರ್‌ನಲ್ಲಿ ಬರೆಯಿರಿ.

ಹಗ್ಗ ಹೋದ ಮೇಲೆ ನರ್ಸ್ ಕೆಲಸ ನಿಜವಾಗಿ ಶುರು. ಮೊದಲು ಶುಗರ್, ಯಾಕಂದ್ರೆ ಸಕ್ಕರೆ ಕಾಯಿಲೆ ಮಾತ್ರೆ ನುಂಗಿ ಊಟ ಬಿಟ್ಟವರೂ ಹೀಗೇ ಕಿರುಚಾಡಬಹುದು. ಇವರದ್ದು 112, ಅದಲ್ಲ. ಆಕ್ಸಿಜನ್ 97, ಅದೂ ಅಲ್ಲ. ತಲೆಗೆ ಪೆಟ್ಟು ಬಿದ್ದ ಗುರುತಿಲ್ಲ. ನಾಡಿ 124, ಬಿಪಿ 160/100, ಜ್ವರ 100 ಡಿಗ್ರಿ. ಕೈ ಚಾಚಿಸಿದ್ರೆ ಗಡಗಡ ನಡುಗುತ್ತೆ. ಇವತ್ತು ಯಾವ ವಾರ ಅಂದ್ರೆ ಗೊತ್ತಿಲ್ಲ. ಆಗ ತಮ್ಮನಿಗೆ ಒಂದೇ ಪ್ರಶ್ನೆ: ಕೊನೇ ಸಲ ಕುಡಿದಿದ್ದು ಯಾವಾಗ?

ದಿನಾ ಕುಡಿಯೋರು. ಮನೆದೇವರಿಗೆ ಹರಕೆ ಹೊತ್ತು ಭಾನುವಾರ ರಾತ್ರಿ ಒಂಬತ್ತಕ್ಕೆ ಕುಡಿಯೋದು ನಿಲ್ಲಿಸಿದ್ರು. ಲೆಕ್ಕ ಹಾಕಿ, 53 ಗಂಟೆ. ಮದ್ಯ ದಿಢೀರ್ ಬಿಟ್ಟವರಲ್ಲಿ ಈ ಸನ್ನಿ ಸಾಮಾನ್ಯವಾಗಿ 48ರಿಂದ 96 ಗಂಟೆ ಒಳಗೆ ಬರುತ್ತೆ. ಡೆಲಿರಿಯಂ ಟ್ರೆಮೆನ್ಸ್ ಅಂತಾರೆ. ಇದು ಜೀವಕ್ಕೇ ಅಪಾಯ ತರೋ ತುರ್ತು ಸ್ಥಿತಿ. ಒಳ್ಳೇ ಮನಸ್ಸಿಂದ ಕುಡಿತ ಬಿಟ್ಟವರನ್ನ ‘ಹುಚ್ಚು’ ಅಂತ ಕಟ್ಟಿ ತಂದಿದ್ದರು, ನೋಡಿ.

ಕಾರಣ ಗೊತ್ತಾದ್ರೆ ಔಷಧಿಯೂ ಬದಲಾಗುತ್ತೆ. ಉದ್ರೇಕ ಅಂದ ಕೂಡಲೇ ಎಲ್ಲರಿಗೂ ನೆನಪಾಗೋದು ಹ್ಯಾಲೊಪೆರಿಡಾಲ್. ಮನೋರೋಗದ ಉದ್ರೇಕಕ್ಕೆ ಅದನ್ನ ಪ್ರೊಮೆಥಜಿನ್ ಜೊತೆ ಸೇರಿಸಿ ಕೊಡೋದನ್ನ ವೆಲ್ಲೂರಿನ ಸಿಎಂಸಿಯವರು ಅಧ್ಯಯನ ಮಾಡಿ ತೋರಿಸಿದ್ದಾರೆ, ಒಳ್ಳೇದೇ. ಆದ್ರೆ ಮದ್ಯ ಬಿಟ್ಟ ಸನ್ನಿಗೆ ಬರೀ ಹ್ಯಾಲೊಪೆರಿಡಾಲ್ ಕೊಟ್ಟರೆ ಫಿಟ್ಸ್ ಬರೋ ಅಪಾಯ ಜಾಸ್ತಿ. ಇಲ್ಲಿ ಬೇಕಿರೋದು ಲೊರಾಜೆಪಾಮ್ ಗುಂಪಿನದ್ದು. ಡಾಕ್ಟರ ಆದೇಶದ ಮೇಲೆ 2 ಮಿಲಿಗ್ರಾಂ. ನುಂಗೋ ಸ್ಥಿತಿಯಲ್ಲಿದ್ದರೆ ‘ಮಾತ್ರೆ ತಗೋತೀರಾ, ಇಂಜೆಕ್ಷನ್ನಾ?’ ಅಂತ ಕೇಳಿ. ಆರಿಸೋಕೆ ಬಿಟ್ಟಾಗ ಎಷ್ಟೋ ಜನ ಕೈ ಚಾಚ್ತಾರೆ. ಗ್ಲೂಕೋಸ್ ಬಾಟಲಿ ಏರಿಸೋ ಮುಂಚೆ ಥಯಾಮಿನ್ ಇಂಜೆಕ್ಷನ್. ಆಮೇಲೆ ಒಂದು ಗಂಟೆ, ಪ್ರತಿ 15 ನಿಮಿಷಕ್ಕೆ ಉಸಿರು ಎಣಿಸಬೇಕು. ಮಲಗಿದ್ರು ಅಂತ ಟೀ ಕುಡಿಯೋಕೆ ಹೋಗೋ ಹಾಗಿಲ್ಲ.

ಒಂದು ಮಿತಿ ಹೇಳಲೇಬೇಕು. ಸನ್ನಿಯಲ್ಲಿ ಗಮನ ನಿಲ್ಲಲ್ಲ, ಹಾಗಾಗಿ ಮಾತು ಸ್ವಲ್ಪ ಹೊತ್ತು ಮಾತ್ರ ಹಿಡಿದಿಡುತ್ತೆ. ಆ ಸಮಯದಲ್ಲಿ ಶುಗರ್ ನೋಡಿ, ಔಷಧಿ ಕೊಟ್ಟು, 108ಕ್ಕೆ ಫೋನ್ ಮಾಡಬೇಕು. ಮೊಳಕಾಲ್ಮೂರಿನಿಂದ ಬಳ್ಳಾರಿ ಹತ್ತಿರ, ಚಿತ್ರದುರ್ಗ ದೂರ. ಯಾವ ಕಡೆ ಅಂತ ಮೊದಲೇ ಮಾತಾಡಿ ಇಟ್ಕೊಂಡಿರಬೇಕು. ಆಂಬುಲೆನ್ಸ್‌ನಲ್ಲಿ ಪಕ್ಕಕ್ಕೆ ಮಲಗಿಸಿ, ತಮ್ಮ ಜೊತೆಗಿರಲಿ. ಬೋರಲು ಮಲಗಿಸಿ ಬೆನ್ನ ಮೇಲೆ ಕೂತು ಕರ್ಕೊಂಡು ಹೋಗೋದು ಬೇಡವೇ ಬೇಡ. ಎದೆ ಅದುಮಿ ಉಸಿರು ನಿಂತುಹೋಗುತ್ತೆ, ಒದ್ದಾಟ ನಿಂತಿದ್ದನ್ನ ಜನ ‘ಸಮಾಧಾನ ಆದ್ರು’ ಅಂದ್ಕೋತಾರೆ.

ಪ್ರತಿ ಸಲ ಯಾರಾದ್ರೂ ಕೇಳೇ ಕೇಳ್ತಾರೆ: ‘ಮೇಡಂ, ಕೈಯಲ್ಲಿ ಕುಡುಗೋಲು ಇದ್ರೆ?’ ಆಗ ಮಾತುಕತೆ ಇಲ್ಲ. ಎಲ್ಲರನ್ನೂ ಕರ್ಕೊಂಡು ಹೊರಗೆ ಬನ್ನಿ, 112ಕ್ಕೆ ಫೋನ್ ಮಾಡಿ, ಕಿತ್ಕೊಳ್ಳೋಕೆ ಹೋಗಬೇಡಿ. ‘ಬಿಚ್ಚಿದ ಮೇಲೆ ಓಡಿಹೋದ್ರೆ?’ ಓಡಲಿ, ಅಡ್ಡ ನಿಲ್ಲಬೇಡಿ. ಅದಕ್ಕೇ ಹಗ್ಗ ಬಿಚ್ಚೋ ಮುಂಚೆ ಗೇಟ್ ಹತ್ತಿರ ಒಬ್ಬ ಸಂಬಂಧಿಕರನ್ನ ನಿಲ್ಲಿಸಿರಬೇಕು. ದೂರದಿಂದಲೇ, ಕಣ್ಣಿಗೆ ಬೀಳೋಷ್ಟು ಅಂತರದಲ್ಲಿ ಹಿಂದೆ ಹೋಗೋಕೆ.