ಗ್ರಾಮಸಭೆಯ ನೇರಪ್ರಸಾರ: ಪ್ರಕಟಣೆಯಿಂದ ಧ್ವನಿಮುದ್ರಿಕೆಯವರೆಗೆ ಒಂದೇ ಕೊಂಡಿ

(ಕೊಡಿಗೇನಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಅನೇಕ ಮನೆಗಳಲ್ಲಿ ದುಡಿಯುವ ವಯಸ್ಸಿನವರು ಬೆಂಗಳೂರಿನಲ್ಲಿದ್ದಾರೆ. ಗ್ರಾಮಸಭೆಯ ದಿನ ಅವರು ಊರಿಗೆ ಬರಲಾರರು. ಸಭೆ ಮುಗಿದ ಮೇಲೆ ಅವರು ದೂರವಾಣಿಯಲ್ಲಿ ಕೇಳುವುದು ಒಂದೇ ಮಾತು: "ಮನೆಯ ಪಟ್ಟಿಯಲ್ಲಿ ನಮ್ಮ ಹೆಸರು ಓದಿದರೇ?" ಈ ಪ್ರಶ್ನೆಗೆ ಉತ್ತರವಾಗಬಲ್ಲ ನೇರಪ್ರಸಾರವನ್ನು ಯೂಟ್ಯೂಬ್‌ನಲ್ಲಿ ಮಾಡುವ ಬಗೆಯನ್ನು ಇಂದು ತಿಳಿಸುತ್ತೇನೆ. ಸಭೆಯ ತಿಳುವಳಿಕೆ ಪತ್ರ, ಡಂಗುರ, ನಡವಳಿ ಪುಸ್ತಕ ಇವೆಲ್ಲ ಹಿಂದಿನಂತೆಯೇ ನಡೆಯತಕ್ಕದ್ದು. ನೇರಪ್ರಸಾರ ಅವುಗಳಿಗೆ ಬದಲಿಯಲ್ಲ.

ಅಕ್ಟೋಬರ್ 2ರಂದು ಬೆಳಿಗ್ಗೆ 11 ಗಂಟೆಗೆ ಸಭೆಯಿದೆ ಎಂದು ಇಟ್ಟುಕೊಳ್ಳೋಣ. ಕನಿಷ್ಠ ಎರಡು ವಾರ ಮೊದಲೇ ಪಂಚಾಯಿತಿಯ ಹೆಸರಿನಲ್ಲಿ ಚಾನೆಲ್ ಸಿದ್ಧವಿರಬೇಕು. ದೂರವಾಣಿ ಸಂಖ್ಯೆಯನ್ನು ದೃಢೀಕರಿಸಿ ನೇರಪ್ರಸಾರಕ್ಕೆ ಅನುಮತಿ ಕೋರಿದರೆ, ಮೊದಲ ಬಾರಿಗೆ ಅದು ದೊರೆಯಲು 24 ಗಂಟೆಗಳವರೆಗೆ ಹಿಡಿಯಬಹುದು. ಮೊಬೈಲಿನಿಂದ ಪ್ರಸಾರ ಮಾಡಲು ಚಾನೆಲ್‌ಗೆ ಕನಿಷ್ಠ 50 ಚಂದಾದಾರರೂ ಬೇಕು. ಸಭೆಯ ಬೆಳಿಗ್ಗೆ ಇದನ್ನು ಅರಿತವರಿಗೆ ಆ ದಿನ ಪ್ರಸಾರವಿಲ್ಲ.

ಬಳಿಕ ಪ್ರಸಾರಕ್ಕೆ ದಿನಾಂಕ, ವೇಳೆ, ಶೀರ್ಷಿಕೆಗಳನ್ನು ಕೊಟ್ಟು ಮುಂಚಿತವಾಗಿ ನಿಗದಿಪಡಿಸಬೇಕು. ಆಗಲೇ ಒಂದು ಕೊಂಡಿ ದೊರೆಯುತ್ತದೆ. ಸಭೆಗೆ ಮೊದಲು ಅದನ್ನು ಒತ್ತಿದವರಿಗೆ ವೇಳೆಯೂ `Notify me` ಎಂಬ ಗುಂಡಿಯೂ ಕಾಣುತ್ತವೆ. ಸಭೆ ನಡೆಯುವಾಗ ಒತ್ತಿದವರಿಗೆ ಸಭೆಯೇ ಕಾಣುತ್ತದೆ. ಮುಗಿದ ಮೇಲೆ ಅದೇ ಕೊಂಡಿಯಲ್ಲಿ ಧ್ವನಿಮುದ್ರಿಕೆ ಉಳಿಯುತ್ತದೆ. ಆದ್ದರಿಂದ ವಾರದ ಮೊದಲು, ಹಿಂದಿನ ಸಂಜೆ ಮತ್ತು ಅರ್ಧ ಗಂಟೆ ಮೊದಲು ಊರಿನ ವಾಟ್ಸಾಪ್ ಗುಂಪುಗಳಿಗೆ ಹೋಗುವ ಮೂರು ನೆನಪೋಲೆಗಳಲ್ಲಿಯೂ ಆ ಒಂದೇ ಕೊಂಡಿ ಇರಬೇಕು. ಮೊದಲನೆಯದರಲ್ಲಿ ಕಾರ್ಯಸೂಚಿ, ಎರಡನೆಯದರಲ್ಲಿ ಮನೆ ಹಂಚಿಕೆಯ ವಿಷಯ ಎಷ್ಟನೆಯದು ಎಂಬುದು, ಮೂರನೆಯದರಲ್ಲಿ ಕೊಂಡಿ ಮಾತ್ರ ಸಾಕು. ಇವನ್ನು ಕಳುಹಿಸುವ ಹೊಣೆ ಒಬ್ಬರದೇ ಆಗಿರಲಿ. ಎಲ್ಲರ ಹೊಣೆಯೆಂದರೆ ಯಾರೂ ಕಳುಹಿಸುವುದಿಲ್ಲ.

ನಾನು ಕಂಡ ಒಂದು ಪಂಚಾಯಿತಿಯಲ್ಲಿ ಇಷ್ಟೆಲ್ಲ ಸರಿಯಾಗಿಯೇ ನಡೆದಿತ್ತು. ಸಭೆಯ ವೇಳೆಗೆ ಮೊಬೈಲ್ ಹಿಡಿದ ಯುವಕ, ನಿಗದಿಪಡಿಸಿದ್ದನ್ನು ತೆರೆಯದೆ, ಹೊಸದೊಂದು ನೇರಪ್ರಸಾರವನ್ನು ಆರಂಭಿಸಿಬಿಟ್ಟ. ಸಭೆ ಬೇರೊಂದು ಕೊಂಡಿಯಲ್ಲಿ ನಡೆಯಿತು. ನೆನಪೋಲೆ ನೋಡಿ ಬಂದವರು ಇನ್ನೂ ಪ್ರಾರಂಭವಾಗಬೇಕಾದ ಪ್ರಸಾರವನ್ನೇ ನೋಡುತ್ತ ಕುಳಿತರು. ಆದ್ದರಿಂದ ಮೊಬೈಲಿನಲ್ಲಿ ಕ್ಯಾಲೆಂಡರ್ ಚಿತ್ರವನ್ನು ಒತ್ತಿ, ನಿಗದಿಯಾದ ಸಭೆಯನ್ನು ಆರಿಸಿ, ಅನಂತರವೇ `Go live` ಒತ್ತಬೇಕು. ಪ್ರಾರಂಭವಾದೊಡನೆ ಇನ್ನೊಬ್ಬ ಸದಸ್ಯರು ತಮ್ಮ ಮೊಬೈಲಿನಲ್ಲಿ, ನೆನಪೋಲೆಯ ಕೊಂಡಿಯಿಂದಲೇ ತೆರೆದು ನೋಡಲಿ. ಕೆಲವು ಕ್ಷಣ ತಡವಾಗಿ ಸಭಾಂಗಣ ಕಂಡರೆ ಸರಿ. ಕಾಣದಿದ್ದರೆ ತಪ್ಪು ಗೊತ್ತಾಯಿತು.

ಸಾಧಾರಣ ಸ್ಪಷ್ಟತೆಯ ಪ್ರಸಾರಕ್ಕೆ ಗಂಟೆಗೆ ಸುಮಾರು 1 ಜಿಬಿಗಿಂತ ತುಸು ಹೆಚ್ಚು ಡೇಟಾ ಬೇಕು. ಕಚೇರಿಯ ವೈಫೈ ಇದ್ದಲ್ಲಿ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ವೈಫೈ ಮಾತ್ರ ತೆರೆದಿಟ್ಟರೆ, ನಡುವೆ ಸಾಮಾನ್ಯ ಕರೆ ಬಂದು ಅಡ್ಡಿಯಾಗುವುದಿಲ್ಲ. ಮೊಬೈಲ್ ಧ್ವನಿವರ್ಧಕದ ಬಳಿ ಇರಲಿ, ಫ್ಯಾನಿನ ಕೆಳಗೆ ಬೇಡ. ಮುಖ ಮಸುಕಾದರೂ ನಡೆದೀತು, ಓದಿದ ಹೆಸರು ಕೇಳಿಸದಿದ್ದರೆ ಪ್ರಸಾರ ವ್ಯರ್ಥ. ಪ್ರಸಾರ ನಡೆಯುತ್ತಿದೆಯೆಂದು ಸಭೆಯ ಪ್ರಾರಂಭದಲ್ಲಿಯೇ ಎಲ್ಲರಿಗೂ ತಿಳಿಸಿರಿ. ಆಧಾರ್, ಬ್ಯಾಂಕ್ ಖಾತೆಗಳ ಸಂಖ್ಯೆಗಳನ್ನು ಗಟ್ಟಿಯಾಗಿ ಓದಬೇಡಿರಿ.

ಮುಗಿದ ಮೇಲಿನ ಕೆಲಸವನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ. 12 ಗಂಟೆಯೊಳಗಿನ ಪ್ರಸಾರವನ್ನು ಯೂಟ್ಯೂಬ್ ತಾನಾಗಿಯೇ ಉಳಿಸಿಕೊಳ್ಳುತ್ತದೆ. ಫೇಸ್‌ಬುಕ್‌ನಲ್ಲಿ ಹಾಗಲ್ಲ, 2025ರ ಫೆಬ್ರವರಿಯಿಂದ ಅಲ್ಲಿನ ನೇರಪ್ರಸಾರಗಳು 30 ದಿನಗಳ ಬಳಿಕ ಅಳಿದುಹೋಗುತ್ತವೆ. ಪಟ್ಟಿಯ ಬಗ್ಗೆ ತಕರಾರು ಬರುವುದು ಸಾಮಾನ್ಯವಾಗಿ ಅದಕ್ಕೂ ತಡವಾಗಿ.

ಮೊದಲು ಮೂಲ ಪ್ರತಿಯೊಂದನ್ನು ಇಳಿಸಿಕೊಂಡು ಕಚೇರಿಯ ಕಂಪ್ಯೂಟರಿನಲ್ಲಿರಿಸಿ. ಬಳಿಕ ಯೂಟ್ಯೂಬ್ ಸ್ಟುಡಿಯೋದಲ್ಲಿ ಆರಂಭದ ಖಾಲಿ ಕುರ್ಚಿಗಳ ಭಾಗವನ್ನೂ ಕೊನೆಯ ಗದ್ದಲವನ್ನೂ ಕತ್ತರಿಸಿರಿ. ಕತ್ತರಿಸಿದರೂ ಕೊಂಡಿ ಬದಲಾಗದು. ಚರ್ಚೆಯ ನಡುವೆ ಮಾತ್ರ ಕತ್ತರಿ ಆಡಿಸಬೇಡಿರಿ, ಅದು ಸದುದ್ದೇಶದಿಂದ ಮಾಡಿದ್ದಾದರೂ ಸಂಶಯಕ್ಕೆ ಎಡೆಯಾಗುತ್ತದೆ. ಶೀರ್ಷಿಕೆಯಲ್ಲಿದ್ದ 'ನೇರಪ್ರಸಾರ' ಎಂಬುದನ್ನು ತೆಗೆದು ಪಂಚಾಯಿತಿಯ ಹೆಸರು, ಗ್ರಾಮಸಭೆ, ದಿನಾಂಕ ಇಷ್ಟನ್ನು ಇಡಿರಿ. ಕೊನೆಗೆ ವಿವರಣೆಯಲ್ಲಿ ವಿಷಯವಾರು ವೇಳೆಗಳನ್ನು ಬರೆಯಿರಿ:

```
00:00 ಸಭೆಯ ಪ್ರಾರಂಭ
06:40 ಹಿಂದಿನ ಸಭೆಯ ನಡವಳಿ
21:15 ಕುಡಿಯುವ ನೀರು
48:30 ಮನೆ ಹಂಚಿಕೆ ಪಟ್ಟಿ
```

ಮೊದಲ ಸಾಲು 00:00 ಆಗಿರಬೇಕು, ಕನಿಷ್ಠ ಮೂರು ಸಾಲುಗಳಿರಬೇಕು. ಕತ್ತರಿಸಿದ ನಂತರವೇ ಇವನ್ನು ಬರೆಯಬೇಕು. ಆರಂಭದ 14 ನಿಮಿಷ ತೆಗೆದಿದ್ದರೆ, ಮೂಲದಲ್ಲಿ 35:15ಕ್ಕಿದ್ದ ನೀರಿನ ಚರ್ಚೆ ಈಗ 21:15ಕ್ಕೆ ಬಂದಿರುತ್ತದೆ. ಹಳೆಯ ವೇಳೆ ಬರೆದರೆ ನೋಡುವವರು ದಾರಿ ತಪ್ಪುತ್ತಾರೆ.

ಇಷ್ಟಾದ ಮೇಲೆ ಅದೇ ಗುಂಪುಗಳಿಗೆ ಅದೇ ಕೊಂಡಿಯನ್ನು ನಾಲ್ಕನೆಯ ಬಾರಿ ಕಳುಹಿಸಿ, ಜೊತೆಗೆ ಒಂದು ಸಾಲು ಬರೆಯಿರಿ: ಮನೆ ಹಂಚಿಕೆ ಪಟ್ಟಿಯನ್ನು ಓದಿದ್ದು 48:30ಕ್ಕೆ.