ಆತ್ಮರಕ್ಷಣೆಯ ಹಕ್ಕು: ಎಲ್ಲಿಂದ ಎಲ್ಲಿಯವರೆಗೆ?



ನಮ್ಮ ಹಳೆಯ ಧರ್ಮಶಾಸ್ತ್ರಗಳಲ್ಲಿ 'ಆತತಾಯಿ' ಎಂಬ ಒಂದು ಮಾತುಂಟು. ಮನೆಗೆ ಬೆಂಕಿಯಿಡುವವನು, ವಿಷವಿಕ್ಕುವವನು, ಆಯುಧ ಹಿಡಿದು ಮೇಲೆ ಬೀಳುವವನು, ಧನವನ್ನು ದೋಚುವವನು, ಹೊಲವನ್ನು ಕಸಿಯುವವನು, ಹೆಂಡತಿಯನ್ನು ಅಪಹರಿಸುವವನು, ಈ ಆರು ಮಂದಿಯನ್ನು ಸ್ಮೃತಿಕಾರರು ಆತತಾಯಿಗಳೆಂದು ಕರೆದರು. ಇಂಥವನನ್ನು ಕೊಂದರೂ ದೋಷವಿಲ್ಲವೆಂದೂ ಹೇಳಿದರು. ಈ ಮಾತಿನ ಹುಟ್ಟನ್ನು ಗಮನಿಸಿ. 'ಆತತ' ಎಂದರೆ ಎಳೆದು ಹಿಗ್ಗಿಸಿದ್ದು. ಬಿಲ್ಲಿನ ಹೆದೆಯನ್ನು ಎಳೆದು ಬರುವವನೇ ಆತತಾಯಿ. ಹೆದೆ ಎಳೆದಿರುವಷ್ಟು ಹೊತ್ತು ಅವನಿಗೆ ಆ ಹೆಸರು ಸಲ್ಲುತ್ತದೆ. ಬಿಲ್ಲು ಕೆಳಗಿಟ್ಟವನಿಗೆ ಅದು ಸಲ್ಲದು.

ಇಂದಿನ ದಂಡಶಾಸನವನ್ನು ತಿಳಿಯಲು ಈ ಒಂದು ಪದ ಒಳ್ಳೆಯ ಕೀಲಿಕೈ. 1860ರಲ್ಲಿ ರಚಿತವಾದ ಭಾರತ ದಂಡ ಸಂಹಿತೆಯಲ್ಲಿ 'ಸಾಮಾನ್ಯ ಅಪವಾದಗಳು' ಎಂಬ ಅಧ್ಯಾಯವಿತ್ತು. ಮೇಲುನೋಟಕ್ಕೆ ಅಪರಾಧವೆಂದು ಕಂಡರೂ ಅಪರಾಧವಾಗದ ಕೃತ್ಯಗಳನ್ನು ಅಲ್ಲಿ ಎಣಿಸಿದ್ದರು. 2024ರ ಜುಲೈ 1ರಿಂದ ಆ ಸಂಹಿತೆಯ ಸ್ಥಾನಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕಲಮುಗಳ ಅಂಕಿ ಬದಲಾಯಿತು. ಈ ಅಧ್ಯಾಯದ ತಿರುಳು ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಹೊಸ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯವು. ಆತ್ಮವೆಂದರೆ ತನ್ನ ದೇಹ ಮಾತ್ರವಲ್ಲ. ಪರರ ದೇಹವನ್ನೂ, ತನ್ನ ಮತ್ತು ಪರರ ಆಸ್ತಿಯನ್ನೂ ಕಾಯುವ ಹಕ್ಕು ಇದರಲ್ಲಿ ಸೇರಿದೆ.

"ಕಳ್ಳನನ್ನು ಹೊಡೆದರೆ ಹೊಡೆದವನಿಗೇ ಶಿಕ್ಷೆಯೇ?" ಎಂದು ಜನ ಕೇಳುವುದುಂಟು. ಹಾಗೆ ಒಂದೇ ಮಾತಿನಲ್ಲಿ ಕೇಳಿದರೆ ಉತ್ತರ ಹುಟ್ಟದು. ಹೊಡೆದದ್ದು ಯಾವ ಗಳಿಗೆಯಲ್ಲಿ ಎಂದು ಮೊದಲು ಕೇಳಬೇಕು. ಒಂದು ಕಲ್ಪಿತ ಪ್ರಸಂಗವನ್ನು ಹಂತಹಂತವಾಗಿ ನೋಡೋಣ.

ದಾವಣಗೆರೆಯ ಹಳೇಪೇಟೆಯಲ್ಲಿ ಒಂದು ಮನೆ. ರಾತ್ರಿ ಎರಡು ಗಂಟೆ. ಹಿತ್ತಲ ಬಾಗಿಲಿನ ಅಗುಳಿ ಮುರಿದ ಸದ್ದಾಗುತ್ತದೆ. ಯಜಮಾನನು ಎದ್ದು ಅಡಿಗೆಮನೆಗೆ ಬರುತ್ತಾನೆ. ಕತ್ತಲಲ್ಲಿ ಒಬ್ಬ ಅಪರಿಚಿತನು ಅವನತ್ತ ಕಬ್ಬಿಣದ ಹಾರೆಯನ್ನು ಎತ್ತುತ್ತಾನೆ. ಯಜಮಾನನು ಮೂಲೆಯಲ್ಲಿದ್ದ ಒನಕೆಯನ್ನು ತೆಗೆದು ಒಂದೇ ಏಟು ಹಾಕುತ್ತಾನೆ. ಏಟು ತಲೆಗೆ ಬಿದ್ದು ಕಳ್ಳನು ಸಾಯುತ್ತಾನೆ. ಇಲ್ಲಿ ಯಜಮಾನನು ಅಪರಾಧಿಯಲ್ಲ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಕನ್ನ ಹಾಕಿ ನುಗ್ಗುವವನ ವಿರುದ್ಧ ಆಸ್ತಿರಕ್ಷಣೆಯ ಹಕ್ಕು ಪ್ರಾಣ ತೆಗೆಯುವವರೆಗೂ ಹೋಗಬಹುದೆಂದು 41ನೆಯ ಕಲಂ ಹೇಳುತ್ತದೆ. ಎತ್ತಿದ ಹಾರೆಯಿಂದ ಸಾವಿನ ಭಯವೂ ಹುಟ್ಟಿತಾದ್ದರಿಂದ ದೇಹರಕ್ಷಣೆಯ 38ನೆಯ ಕಲಮೂ ಅವನ ಬೆನ್ನಿಗಿದೆ. ಆದರೆ ಎರಡಕ್ಕೂ 37ನೆಯ ಕಲಮಿನ ಕಟ್ಟು ಉಂಟು. ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡಕೂಡದು.

ಈಗ ಕಥೆಯನ್ನು ಸ್ವಲ್ಪ ತಿರುಗಿಸೋಣ. ಯಜಮಾನನನ್ನು ಕಂಡೊಡನೆ ಕಳ್ಳನು ಹಾರೆ ಬಿಸಾಡಿ, ಪಾತ್ರೆಯ ಗಂಟು ಹೊತ್ತು ಹಿತ್ತಲ ಗೋಡೆ ಹಾರಿ ಓಡುತ್ತಾನೆ. ಹಕ್ಕು ಮುಗಿಯಿತೇ? ಪೂರ್ತಿ ಮುಗಿಯಲಿಲ್ಲ. ಕಳ್ಳನು ಮಾಲಿನೊಡನೆ ತಪ್ಪಿಸಿಕೊಂಡು ಹೋಗುವವರೆಗೆ, ಅಥವಾ ಪೊಲೀಸರ ನೆರವು ದೊರೆಯುವವರೆಗೆ, ಅಥವಾ ಮಾಲು ಮರಳಿ ಸಿಕ್ಕುವವರೆಗೆ ಹಕ್ಕು ಇರುತ್ತದೆಂದು 43ನೆಯ ಕಲಂ ಹೇಳುತ್ತದೆ. ಅಟ್ಟಿಸಿಕೊಂಡು ಹೋಗಬಹುದು, ಕೆಡವಿ ಹಿಡಿಯಬಹುದು, ಗಂಟು ಕಸಿಯಬಹುದು. ಆದರೆ ಅವನು ಮನೆಯಿಂದ ಹೊರಬಿದ್ದನು; ಕೈಯಲ್ಲಿ ಆಯುಧವಿಲ್ಲ. ಉಳಿದದ್ದು ಬರಿಯ ಕಳ್ಳತನ. ಬರಿಯ ಕಳ್ಳತನಕ್ಕೆ ಪ್ರಾಣ ತೆಗೆಯುವ ಹಕ್ಕಿಲ್ಲ. ಅದಕ್ಕಿಂತ ಕಡಿಮೆಯಾದ ಹಾನಿಗೆ ಮಾತ್ರ 42ನೆಯ ಕಲಂ ಅವಕಾಶ ಕೊಡುತ್ತದೆ.

ಮೂರನೆಯ ಹಂತ. ಓಣಿಯ ತಿರುವಿನಲ್ಲಿ ನೆರೆಯವರು ಕಳ್ಳನನ್ನು ಹಿಡಿದರು, ಗಂಟು ಕೈಸೇರಿತು, ಅವನನ್ನು ದೀಪದ ಕಂಬಕ್ಕೆ ಕಟ್ಟಿದರು. ಆಮೇಲೆ ಎಲ್ಲರೂ ಸೇರಿ ಹೊಡೆದರು. ಬೆಳಗಾಗುವುದರೊಳಗೆ ಅವನು ಸತ್ತನು. ಇದು ರಕ್ಷಣೆಯಲ್ಲ, ಶಿಕ್ಷೆ. ಶಿಕ್ಷಿಸುವ ಅಧಿಕಾರ ನ್ಯಾಯಾಲಯದ್ದು. ಬಿಲ್ಲು ಕೆಳಗೆ ಬಿದ್ದ ಮೇಲೆ ಬಿದ್ದ ಏಟುಗಳಿವು. ಹೊಡೆದವರು ಕೊಲೆಯ ಆಪಾದನೆಯನ್ನು ಎದುರಿಸಬೇಕಾಗುತ್ತದೆ. ಕೊಲೆಗಿರುವ ಶಿಕ್ಷೆ ಮರಣದಂಡನೆ, ಇಲ್ಲವೆ ಜೀವಾವಧಿ ಸೆರೆವಾಸ. ಮನೆ ಅದೇ, ಕಳ್ಳನೂ ಅವನೇ, ರಾತ್ರಿಯೂ ಒಂದೇ. ಅಡಿಗೆಮನೆಗೂ ದೀಪದ ಕಂಬಕ್ಕೂ ನಡುವೆ ಕಾನೂನು ಇಷ್ಟು ಬದಲಾಯಿತು.

ಹಾಗಾದರೆ ಕತ್ತಲಲ್ಲಿ ನಡುಗುತ್ತ ನಿಂತವನು ಪ್ರತಿ ಏಟನ್ನೂ ತೂಗಿ ಹಾಕಬೇಕೆ? ಇದಕ್ಕೆ ಸುಪ್ರೀಂ ಕೋರ್ಟು 1952ರಲ್ಲಿ ಅಮ್ಜದ್ ಖಾನ್ ಎಂಬವರ ಮೊಕದ್ದಮೆಯಲ್ಲಿ ಉತ್ತರ ಹೇಳಿತು. 1950ರ ಮಾರ್ಚಿನಲ್ಲಿ ಮಧ್ಯಪ್ರದೇಶದ ಕಟ್ನಿಯಲ್ಲಿ ಕೋಮುಗಲಭೆಯಾಯಿತು. ಅಮ್ಜದ್ ಖಾನರ ಅಂಗಡಿಗೆ ಹೊಂದಿಕೊಂಡಿದ್ದ ಅವರ ಅಣ್ಣತಮ್ಮಂದಿರಲ್ಲೊಬ್ಬರ ಅಂಗಡಿಯನ್ನು ಗುಂಪು ಆಗಲೇ ಲೂಟಿ ಮಾಡಿತ್ತು. ಬಳಿಕ ಇವರ ಬಾಗಿಲನ್ನು ಲಾಠಿಗಳಿಂದ ಬಡಿಯತೊಡಗಿತು. ಒಳಗೆ ಹೆಂಗಸರು ಮಕ್ಕಳಿದ್ದರು. ಅವರು ಬಂದೂಕಿನಿಂದ ಎರಡು ಗುಂಡು ಹಾರಿಸಿದರು, ಒಬ್ಬನು ಸತ್ತನು. ಕೆಳಗಿನ ನ್ಯಾಯಾಲಯಗಳು ಶಿಕ್ಷೆ ಕೊಟ್ಟಿದ್ದವು. ಸುಪ್ರೀಂ ಕೋರ್ಟು ಅವರನ್ನು ಬಿಡುಗಡೆ ಮಾಡಿತು. ಗುಂಪು ಬಾಗಿಲು ಮುರಿದು ಒಳನುಗ್ಗುವವರೆಗೆ ಅವರು ಕಾಯಬೇಕಾಗಿರಲಿಲ್ಲ. ಇಂಥ ಹೊತ್ತಿನ ಕೃತ್ಯವನ್ನು ಚಿನ್ನ ತೂಗುವ ತಕ್ಕಡಿಯಲ್ಲಿಟ್ಟು ನೋಡಲಾಗದು ಎಂಬುದು ತೀರ್ಪಿನ ಅಭಿಪ್ರಾಯ. ಹೆದೆ ಎಳೆದದ್ದು ಕಂಡರೆ ಸಾಕು, ಬಾಣ ನಾಟುವವರೆಗೆ ನಿಲ್ಲಬೇಕಿಲ್ಲ ಎಂದಂತಾಯಿತು. ಭಯದ ಭರದಲ್ಲಿ, ಸದುದ್ದೇಶದಿಂದಲೇ, ಒಂದೇಟು ಹೆಚ್ಚಾಗಿ ಬಿದ್ದು ಪ್ರಾಣ ಹೋದರೂ, ಮೊದಲೇ ಯೋಚಿಸಿದ್ದಲ್ಲದಿದ್ದರೆ ಮತ್ತು ಅಗತ್ಯಕ್ಕೆ ಮೀರಿ ನೋಯಿಸುವ ಉದ್ದೇಶವಿಲ್ಲದಿದ್ದರೆ, ಅದನ್ನು ಕೊಲೆಯೆನ್ನದೆ ಅದಕ್ಕಿಂತ ಕೆಳಗಿನ ಅಪರಾಧವಾಗಿ ಎಣಿಸುತ್ತಾರೆ.

ಇನ್ನು ಹರಿಹರದ ಕಡೆಯ ಒಂದು ಪ್ರಶ್ನೆ. ಭದ್ರಾ ನಾಲೆಯ ನೀರಿನಲ್ಲಿ ಬೆಳೆದ ಭತ್ತದ ಗದ್ದೆಯೊಂದಕ್ಕೆ ಇಬ್ಬರು ದಾಯಾದಿಗಳ ನಡುವೆ ವ್ಯಾಜ್ಯ. ನಾಳೆ ಬೆಳಗ್ಗೆ ಎದುರಾಳಿ ಆಳುಗಳೊಡನೆ ಬಂದು ಪೈರು ಕೊಯ್ಯುತ್ತಾನೆಂದು ರೈತನಿಗೆ ಸಂಜೆಯೇ ಸುದ್ದಿ ಮುಟ್ಟುತ್ತದೆ. ಅವನು ಠಾಣೆಗೆ ಹೋಗುವುದಿಲ್ಲ. ರಾತ್ರಿಯೆಲ್ಲ ತಿರುಗಿ, ಇಪ್ಪತ್ತು ಜನರನ್ನು ದೊಣ್ಣೆಗಳೊಡನೆ ಸೇರಿಸಿ ಗದ್ದೆಯ ಬದುವಿನಲ್ಲಿ ಕಾಯುತ್ತಾನೆ. ಬೆಳಗ್ಗೆ ಹೊಡೆದಾಟವಾಗುತ್ತದೆ. ಬೆಳೆ ತನ್ನದೇ ಆಗಿದ್ದರೂ ಈ ರೈತನ ವಾದ ನಿಲ್ಲುವುದು ಕಷ್ಟ. ಸರ್ಕಾರದ ರಕ್ಷಣೆ ಪಡೆಯಲು ಸಮಯವಿದ್ದಾಗ ಆತ್ಮರಕ್ಷಣೆಯ ಹಕ್ಕಿಲ್ಲವೆಂದು 37ನೆಯ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಸುದ್ದಿ ಬಂದ ಸಂಜೆಗೂ ಬೆಳಗಿಗೂ ನಡುವೆ ಒಂದು ಇಡೀ ರಾತ್ರಿ ಇತ್ತು. ಅದೇ ರೈತನು ನಸುಕಿನಲ್ಲಿ ಒಬ್ಬನೇ ಗದ್ದೆಗೆ ಹೋಗಿ, ಕೊಯ್ಯುತ್ತಿರುವವರನ್ನು ಹಠಾತ್ತಾಗಿ ಕಂಡು ತಡೆದಿದ್ದರೆ ಮಾತು ಬೇರೆಯಾಗುತ್ತಿತ್ತು.

ಈವರೆಗೆ ಹೇಳಿದ್ದು ತಪ್ಪು ಮಾಡಲು ಬಂದವನ ಮೇಲೆ ಎತ್ತುವ ಕೈಯ ಮಾತು. ಏನೂ ತಪ್ಪು ಮಾಡದವನಿಗೆ ಹಾನಿ ಮಾಡಬೇಕಾಗಿ ಬಂದರೆ? ಅದಕ್ಕೆ 19ನೆಯ ಕಲಂ ಇದೆ. ಇದನ್ನು ಅನಿವಾರ್ಯತೆಯ ಅಪವಾದವೆನ್ನಬಹುದು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳನ್ನು ನೀವು ಬಲ್ಲಿರಿ. ಅಂಥ ಸಾಲಿನಲ್ಲಿ ಒಂದು ಭಟ್ಟಿಗೆ ಬೆಂಕಿ ಹತ್ತಿತೆನ್ನಿ. ಗಾಳಿ ಬಲವಾಗಿದೆ. ನಡುವಿನ ಷೆಡ್ಡಿನಲ್ಲಿ ಭತ್ತದ ಹೊಟ್ಟು ತುಂಬಿದೆ. ಅದರಾಚೆ ಜನರಿರುವ ಮನೆಗಳು. ಅಗ್ನಿಶಾಮಕ ದಳಕ್ಕೆ ಹೇಳಿಕಳಿಸಿ, ಅವರು ಬರುವುದರೊಳಗೆ ಒಬ್ಬನು ಆ ಷೆಡ್ಡನ್ನು ಕೆಡವಿಸುತ್ತಾನೆ. ಷೆಡ್ಡಿನ ಒಡೆಯನು ಯಾವ ತಪ್ಪನ್ನೂ ಮಾಡಿಲ್ಲ. ಆದರೂ ಕೆಡವಿದವನು ಅಪರಾಧಿಯಲ್ಲ. ಹಾನಿಯಾಗುತ್ತದೆಂದು ಅವನಿಗೆ ಗೊತ್ತಿತ್ತು, ಆದರೆ ಹಾನಿ ಮಾಡುವ ದುರುದ್ದೇಶವಿರಲಿಲ್ಲ. ದೊಡ್ಡ ಹಾನಿಯನ್ನು ತಪ್ಪಿಸಲು ಸದ್ಭಾವದಿಂದ ಮಾಡಿದನು. ಅಪಾಯ ಕಣ್ಣೆದುರಿಗೇ ಇತ್ತು. ಬೆಂಕಿ ಎರಡು ಬೀದಿ ಆಚೆಗಿದ್ದು ಆರುತ್ತ ಬಂದಿದ್ದರೆ, ಅಥವಾ ಷೆಡ್ಡಿನ ಮೇಲೆ ಅವನಿಗೆ ಹಳೆಯ ಹಗೆಯಿದ್ದದ್ದು ಹೊರಬಿದ್ದರೆ, ನ್ಯಾಯಾಲಯದ ಕಣ್ಣು ಚುರುಕಾಗುತ್ತದೆ.

ಈ ಅಪವಾದದ ಎಲ್ಲೆಯನ್ನು ತೋರುವ ಹಳೆಯ ತೀರ್ಪೊಂದಿದೆ. ಒಬ್ಬನ ಮರಗಳಿಂದ ಯಾರೋ ದಿನವೂ ಹೆಂಡ ಕದಿಯುತ್ತಿದ್ದರು. ಕಳ್ಳನನ್ನು ಪತ್ತೆಹಚ್ಚಲು ಅವನು ಮಡಕೆಗಳಲ್ಲಿ ವಿಷಯುಕ್ತ ಕಳ್ಳಿಯ ಹಾಲನ್ನು ಬೆರೆಸಿದನು. ಅದನ್ನು ಕೊಂಡು ಕುಡಿದವರು ಏನೂ ಅರಿಯದ ಸಿಪಾಯಿಗಳು. 1868ರಲ್ಲಿ ಮುಂಬಯಿ ಹೈಕೋರ್ಟು ಆ ಮನುಷ್ಯನಿಗೆ ಈ ಅಪವಾದದ ಆಸರೆ ಕೊಡಲಿಲ್ಲ, ಅವನು ಶಿಕ್ಷಾರ್ಹನಾದನು. ತೋಟದ ಬೇಲಿಗೆ ವಿದ್ಯುತ್ ಹರಿಸಿ ಮಲಗುವವರು ಈ ಕಥೆಯನ್ನು ನೆನೆಯಬೇಕು. ತಂತಿ ಹಾಸಿದ ಹೊತ್ತಿನಲ್ಲಿ ಎದುರಿಗೆ ಯಾರ ಬಿಲ್ಲೂ ಎತ್ತಿರಲಿಲ್ಲ. ಮುಟ್ಟುವವನು ಕಳ್ಳನೋ ದಾರಿ ತಪ್ಪಿದ ಮಗುವೋ, ತಂತಿಗೆ ತಿಳಿಯದು.

ಅಪವಾದ ತನಗೆ ಸಲ್ಲುತ್ತದೆಂದು ತೋರಿಸುವ ಹೊಣೆ ಆಪಾದಿತನದು. ಆದರೆ ಸರ್ಕಾರದ ಪಕ್ಷದವರು ಅಪರಾಧವನ್ನು ಸಾಬೀತು ಮಾಡಬೇಕಾದಷ್ಟು ಗಟ್ಟಿಯಾಗಿ ಅವನು ತೋರಿಸಬೇಕಿಲ್ಲ. ತನ್ನ ಮಾತೇ ಹೆಚ್ಚು ಸಂಭವವೆಂದು ಕಂಡರೆ ಸಾಕು. ನ್ಯಾಯಾಲಯ ನೋಡುವುದು ಕುರುಹುಗಳನ್ನು. ಗಾಯ ಎದೆಯ ಕಡೆಗೋ ಬೆನ್ನ ಕಡೆಗೋ, ಏಟು ಒಂದೋ ಹತ್ತೋ, ರಕ್ತ ಬಿದ್ದದ್ದು ಮನೆಯೊಳಗೋ ಬೀದಿಯಲ್ಲೋ, ಹೊಡೆದವನ ಮೈಮೇಲೂ ಗಾಯವಿದೆಯೋ ಇಲ್ಲವೋ. ಆದ್ದರಿಂದ ಇಂಥದು ನಡೆದೊಡನೆ ಪೊಲೀಸರಿಗೆ ತಿಳಿಸಬೇಕು. 112ಕ್ಕೆ ಫೋನು ಮಾಡಿದರೂ ಆದೀತು. ಗಾಯಗೊಂಡವನು ಕಳ್ಳನಾದರೂ ಆಸ್ಪತ್ರೆಗೆ ಸೇರಿಸಬೇಕು. ನೆಲ ತೊಳೆಯಬಾರದು, ಹಾರೆಯನ್ನು ಎತ್ತಿಡಬಾರದು. ಯಜಮಾನನ ಪರವಾಗಿ ಸಾಕ್ಷಿ ನುಡಿಯಬಲ್ಲ ವಸ್ತುಗಳು ಅವೇ.

ಕೊನೆಗೊಂದು ಪ್ರಶ್ನೆ. ಹರಿಹರದ ಬಸ್ ನಿಲ್ದಾಣದಲ್ಲಿ ಬುದ್ಧಿ ಸ್ಥಿಮಿತವಿಲ್ಲದ ಒಬ್ಬನು ಮಚ್ಚು ಹಿಡಿದು ನಿಮ್ಮ ಮೇಲೆ ಬರುತ್ತಾನೆ. ತಾನೇನು ಮಾಡುತ್ತಿದ್ದೇನೆಂದು ಅರಿಯದ ಅವನನ್ನು ಕಾನೂನು ಅಪರಾಧಿಯೆನ್ನುವುದಿಲ್ಲ. ಅಪರಾಧಿಯಲ್ಲದವನ ವಿರುದ್ಧ ನಿಮಗೆ ಆತ್ಮರಕ್ಷಣೆಯ ಹಕ್ಕುಂಟೆ? ಉಂಟು, 36ನೆಯ ಕಲಂ ಅದನ್ನು ಪೂರ್ತಿಯಾಗಿ ಕೊಡುತ್ತದೆ. ಬಿಲ್ಲುಗಾರನಿಗೆ ಅರಿವಿಲ್ಲದಿದ್ದರೂ ಹೆದೆ ಎಳೆದಿದೆ. ಮಚ್ಚು ಕೈಜಾರಿ ನೆಲಕ್ಕೆ ಬಿದ್ದ ಗಳಿಗೆಯಿಂದ ಅವನು ಮತ್ತೆ ಒಬ್ಬ ರೋಗಿ. ಅವನನ್ನು ಹಿಡಿದು ನಿಲ್ಲಿಸುವುದಷ್ಟೇ ನಿಮ್ಮ ಪಾಲಿಗೆ ಉಳಿಯುವ ಕೆಲಸ.